ನೂಲಿನ ದರ ಇಳಿದರೆ ದಾಸ್ತಾನನ್ನೂ ಇಳಿಸಬೇಕೇ?

“ಕಿಲೋಗೆ 5,000 ರೂಪಾಯಿಗೆ ಕೊಂಡ ರೇಷ್ಮೆ ನೂಲಿಗೆ ಮಾರ್ಚ್ 31ರಂದು 4,400 ರೂಪಾಯಿ ಇತ್ತು. ಸೀರೆ ನೇಯಲು ಇಟ್ಟ ದಾಸ್ತಾನಿನ ಮೌಲ್ಯ ಇಳಿಸಬೇಕೇ?”

ನೂಲಿನ ದರವೊಂದನ್ನೇ ನೋಡಿ ಇಳಿಸುವಂತಿಲ್ಲ. ದಾಸ್ತಾನಿನ ಮೌಲ್ಯ ಹೇಗೆ ತೋರಿಸಬೇಕೆಂದು ಹೇಳುವ ಲೆಕ್ಕಪತ್ರ ಮಾನದಂಡವಾದ ಎಎಸ್ 2ರ ಪ್ರಕಾರ, ಅದರಿಂದ ತಯಾರಾಗುವ ಸೀರೆ ತನ್ನ ವೆಚ್ಚಕ್ಕೆ ಅಥವಾ ಅದಕ್ಕಿಂತ ಹೆಚ್ಚಿಗೆ ಮಾರಾಟವಾಗುವ ನಿರೀಕ್ಷೆಯಿದ್ದರೆ ನೂಲು ಕೊಂಡ ಬೆಲೆಯಲ್ಲೇ ಉಳಿಯುತ್ತದೆ. ಒಂದು ಸೀರೆಗೆ ಅರ್ಧ ಕಿಲೋ ನೂಲಿನ 2,500 ರೂಪಾಯಿ, ನೇಯ್ಗೆಯ 2,000 ರೂಪಾಯಿ ಸೇರಿ ವೆಚ್ಚ 4,500 ಎಂದುಕೊಳ್ಳೋಣ. ಜಿಎಸ್‌ಟಿ ಹೊರತುಪಡಿಸಿ 5,200ಕ್ಕೆ ಮಾರಿ 300 ಕಮಿಷನ್ ಕೊಟ್ಟರೂ 4,900 ಉಳಿಯುವುದರಿಂದ ಇಳಿಕೆ ಬೇಡ. ಆದರೆ ನೂಲಿನೊಂದಿಗೆ ಸೀರೆಯ ಬೆಲೆಯೂ 4,600ಕ್ಕೆ ಕುಸಿದಿದ್ದರೆ ಕೈಗೆ ಬರುವುದು 4,300 ಮಾತ್ರ. ಆಗ ನೂಲನ್ನು ಇಳಿಸಲೇಬೇಕು, ಅದಕ್ಕೆ ಮಾರ್ಚ್ 31ರ ಮರುಖರೀದಿ ದರವಾದ ಕಿಲೋಗೆ 4,400 ಸಾಮಾನ್ಯವಾಗಿ ಸೂಕ್ತ ಅಳತೆ. ಸೀರೆಯ ಮಾರಾಟ ಬೆಲೆಗೆ ಪುರಾವೆಯಾಗಿ ಲೆಕ್ಕಪರಿಶೋಧಕರು ಏಪ್ರಿಲ್ ತಿಂಗಳ ಸೀರೆ ಬಿಲ್ಲುಗಳನ್ನು ಕೇಳಬಹುದು, ಅವನ್ನು ತೆಗೆದಿಡಿ.