ಪಕ್ಕೆಲುಬಿನ ಮೂರು ಚುಕ್ಕೆ: ಹಳೆಯ ಪೆಟ್ಟೋ, ಹರಡಿದ ಕ್ಯಾನ್ಸರೋ?

"ಅಮ್ಮನಿಗೆ 62 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ. ಈಗ ಬೋನ್ ಸ್ಕ್ಯಾನ್‌ನಲ್ಲಿ ಎಡಗಡೆಯ 6, 7, 8ನೇ ಪಕ್ಕೆಲುಬಿನಲ್ಲಿ ಹಾಟ್ ಸ್ಪಾಟ್ ಅಂತ ಬಂದಿದೆ. ಹತ್ತು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ಆ ನೋವು ಎಂದೋ ಹೋಗಿದೆ. ಹಾಗಾದ್ರೆ ಇದು ಕ್ಯಾನ್ಸರೇ ಅಲ್ವಾ?"
– ಓದುಗರೊಬ್ಬರು, ಹಾಸನ

ಹಾಗೆ ತೀರ್ಮಾನಕ್ಕೆ ಬರಬೇಡಿ. ನೋವು ಹೋದ ಮೇಲೂ ಮೂಳೆಯೊಳಗೆ ರಿಪೇರಿ ತಿಂಗಳುಗಟ್ಟಲೆ ನಡೆಯುತ್ತಲೇ ಇರುತ್ತದೆ. ಸ್ಕ್ಯಾನ್ ತೋರಿಸುವುದು ಆ ರಿಪೇರಿಯನ್ನೇ.

ಅಮ್ಮನ ಕೈಗೆ ಚುಚ್ಚಿದ ಔಷಧಿಯಲ್ಲಿ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತು ಇರುತ್ತದೆ. ಆರು ಗಂಟೆಯಲ್ಲಿ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಅದಕ್ಕೆ ಅಂಟಿಸಿರುವ ಫಾಸ್ಫೇಟ್ ಜಾತಿಯ ವಸ್ತು, ಹೊಸ ಮೂಳೆ ಕಟ್ಟುತ್ತಿರುವ ಕಡೆ ಹೋಗಿ ಜಾಸ್ತಿ ಕೂರುತ್ತದೆ. ಹಾಗೆ ಜಾಸ್ತಿ ಕೂತ ಜಾಗ ಸ್ಕ್ಯಾನ್‌ನಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ, ಅದೇ ಹಾಟ್ ಸ್ಪಾಟ್. ಚುಚ್ಚಿ ಎರಡು ಮೂರು ಗಂಟೆ ಕಾಯಿಸುವುದು, ನೀರು ಕುಡಿಸಿ ಮೂತ್ರಕ್ಕೆ ಕಳಿಸುವುದು ಇದಕ್ಕೇ: ಮೂಳೆಗೆ ಹಿಡಿಯದೆ ಉಳಿದದ್ದು ಹೊರಗೆ ಹೋಗಲಿ ಅಂತ. ರಸ್ತೆಯಲ್ಲಿ ಜಲ್ಲಿ ರಾಶಿ ಕಂಡರೆ ಕೆಲಸ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ, ಯಾಕೆ ಅಗೆದರು ಅಂತ ಗೊತ್ತಾಗುವುದಿಲ್ಲ. ಇಲ್ಲೂ ಹಾಗೆಯೇ. ಮುರಿದ ಮೂಳೆ ಕೂಡುವಾಗಲೂ ಕಪ್ಪು ಚುಕ್ಕೆ, ಕ್ಯಾನ್ಸರ್ ಕೊರೆದ ಜಾಗವನ್ನು ಮೂಳೆ ತುಂಬಿಕೊಳ್ಳುವಾಗಲೂ ಕಪ್ಪು ಚುಕ್ಕೆ. ಮುರಿದ ಜಾಗ ಸ್ಕ್ಯಾನ್‌ನಲ್ಲಿ ಮಾಮೂಲಾಗಲು ಒಂದೆರಡು ವರ್ಷವೇ ಬೇಕಾಗಬಹುದು. ಮೂಳೆ ಸೊಟ್ಟಗೆ ಕೂಡಿದ್ದರೆ ಇನ್ನೂ ಜಾಸ್ತಿ. ಹತ್ತು ತಿಂಗಳು ಏನೂ ದೊಡ್ಡದಲ್ಲ.

ಹಾಗಾಗಿ ಚುಕ್ಕೆ ಎಷ್ಟು ಅನ್ನುವುದಕ್ಕಿಂತ ಹೇಗೆ ಕೂತಿದೆ ಅನ್ನುವುದನ್ನು ನೋಡಬೇಕು. ಬಿದ್ದಾಗ ಬಚ್ಚಲ ಅಂಚು ಅಕ್ಕಪಕ್ಕದ ಪಕ್ಕೆಲುಬುಗಳಿಗೆ ಒಂದೇ ಸಲ ತಗಲುತ್ತದೆ. ಆಗ ಪುಟ್ಟ, ದುಂಡನೆಯ ಚುಕ್ಕೆಗಳು ಒಂದರ ಕೆಳಗೊಂದು ಸಾಲಾಗಿ ಕಾಣುತ್ತವೆ. ನಿಮ್ಮ ಅಮ್ಮನ 6, 7, 8 ಈ ಸಾಲಿಗೆ ಹೊಂದುವಂತಿದೆ. ಕ್ಯಾನ್ಸರ್ ಹರಡಿದಾಗ ಚುಕ್ಕೆಗಳು ಬೆನ್ನುಮೂಳೆ, ಸೊಂಟ, ಪಕ್ಕೆ ಅಂತ ಲೆಕ್ಕವಿಲ್ಲದೆ ಚೆದುರಿರುವುದೇ ಹೆಚ್ಚು. ಪಕ್ಕೆಲುಬಿನಲ್ಲಾದರೆ ಅದರ ಉದ್ದಕ್ಕೂ ಗೆರೆ ಎಳೆದಂತೆ ಹಬ್ಬಿರುತ್ತದೆ.

ಆದರೂ ಸಾಲಾಗಿದೆ ಅಂತ ಸುಮ್ನೆ ಬಿಡುವಂತಿಲ್ಲ. ಕ್ಯಾನ್ಸರ್ ಹಿಡಿದ ಮೂಳೆಯೂ ಸಣ್ಣ ಪೆಟ್ಟಿಗೆ ಮುರಿಯುತ್ತದೆ. ಅದೇ ಜಾಗದ ಸಿ.ಟಿ. ತೆಗೆದಾಗ ಮುರಿದ ಗೆರೆ, ಮೂಳೆ ಕೂಡುವಾಗ ಸುತ್ತ ಕಟ್ಟಿದ ಗಂಟು ಕಂಡರೆ ಪೆಟ್ಟಿನ ಕಡೆಗೆ, ಮೂಳೆ ಕರಗಿದ ತೂತು ಕಂಡರೆ ಕ್ಯಾನ್ಸರ್ ಕಡೆಗೆ ಅನುಮಾನ ವಾಲುತ್ತದೆ. ಅದೂ ಸ್ಪಷ್ಟವಾಗದಿದ್ದರೆ ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಹೋಲಿಸುತ್ತಾರೆ. ಹಳೆಯ ಪೆಟ್ಟಾದರೆ ಚುಕ್ಕೆ ಮಸುಕಾಗುತ್ತಾ ಹೋಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಬಯಾಪ್ಸಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಸ್ಕ್ಯಾನ್‌ಗೆ ಕಳಿಸುವ ಚೀಟಿಯಲ್ಲಿ ಬರೀ ಕ್ಯಾನ್ಸರ್ ಅಂತ ಬರೆದಿದ್ದರೆ, ರಿಪೋರ್ಟ್ ಬರೆಯುವ ಡಾಕ್ಟರಿಗೆ ಅಮ್ಮ ಬಿದ್ದ ವಿಷಯ ತಿಳಿಯುವುದೇ ಇಲ್ಲ. ಬಿದ್ದ ತಿಂಗಳು, ಪೆಟ್ಟಾದ ಪಕ್ಕ, ಆಗ ತೆಗೆಸಿದ ಎಕ್ಸ್-ರೇ ಇದ್ದರೆ ಅದು, ಎಲ್ಲವನ್ನೂ ಕೊಡಿ. ಈ ನಡುವೆ ಅಮ್ಮನಿಗೆ ಬೆನ್ನಿನಲ್ಲಿ ಹೊಸ ನೋವು ಶುರುವಾದರೆ, ಕಾಲಲ್ಲಿ ಶಕ್ತಿ ಕಡಿಮೆಯಾದರೆ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

– ಸಂಪಾದಕ