ಗಿಲಕಿ ಮಾರಾಟವಾಗ್ತಿದೆ, ಕೈಯಲ್ಲಿ ಕಾಸು ನಿಲ್ತಿಲ್ಲ

ಪ್ರಶ್ನೆ: ನಾನು ಚನ್ನಪಟ್ಟಣದವಳು. ನಾಲ್ಕು ಜನ ಕುಶಲಕರ್ಮಿಗಳಿಂದ ಮರದ ಆಟಿಕೆ, ಕುಂಕುಮ ಭರಣಿ, ಬಳೆ ಮಾಡಿಸಿ ನಮ್ಮದೇ ಬ್ರ್ಯಾಂಡ್ ಹೆಸರಲ್ಲಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಇನ್‌ಸ್ಟಾಗ್ರಾಮ್‌ನಲ್ಲಿ 6,000 ಫಾಲೋವರ್ಸ್ ಇದ್ದಾರೆ. ಪೋಸ್ಟ್ ಹೆಚ್ಚು ಜನಕ್ಕೆ ಕಾಣಲಿ ಅಂತ ತಿಂಗಳಿಗೆ 5,000 ರೂಪಾಯಿ ಬೂಸ್ಟ್‌ಗೆ ಹಾಕುತ್ತೇನೆ. ಮಾರ್ಕೆಟ್‌ಪ್ಲೇಸ್‌ನಲ್ಲಿ ತಿಂಗಳಿಗೆ ಸುಮಾರು 40 ಆರ್ಡರ್, ಬಹುತೇಕ 315 ರೂಪಾಯಿಯ ಗಿಲಕಿಗೆ. ಲೆಕ್ಕದ ಹಾಳೆ ಜೊತೆಗಿಟ್ಟಿದ್ದೇನೆ. ಈಗ ಆಷಾಢ. ಹಬ್ಬದ ಸೀಸನ್‌ಗೆ ಒಂದು ಮಾರ್ಕೆಟಿಂಗ್ ಪ್ಲಾನ್ ಹೇಳಿ.

ಉತ್ತರ: ಒಂದು ಗಿಲಕಿಯ ಲೆಕ್ಕವನ್ನು ಕೊನೆಯವರೆಗೂ ಹಾಕಿ ನೋಡೋಣ. ಪ್ಲಾನ್ ಅಲ್ಲಿಂದಲೇ ಹುಟ್ಟುತ್ತದೆ.

315 ರೂಪಾಯಿಯಲ್ಲಿ 5% ಜಿಎಸ್‌ಟಿ 15 ರೂಪಾಯಿ. ಉಳಿದದ್ದು 300. ನಿಮ್ಮ ಹಾಳೆಯ ಪ್ರಕಾರ ಕಮಿಷನ್, ಪ್ರತಿ ಆರ್ಡರ್‌ಗೆ ಹಿಡಿಯುವ ಫೀಸು, ಕೊರಿಯರ್ ಎಲ್ಲ ಸೇರಿ 140 ಹೋಗುತ್ತದೆ. ಕುಶಲಕರ್ಮಿಗೆ 110, ಡಬ್ಬಿ ಮತ್ತು ಟ್ಯಾಗ್‌ಗೆ 25. ಉಳಿಯುವುದು 25 ರೂಪಾಯಿ. ವಾಪಸ್ ಬರುವ ಪಾರ್ಸೆಲ್‌ಗಳ ನಷ್ಟವನ್ನು ಹಂಚಿದರೆ ಆರ್ಡರ್‌ಗೆ 15 ಬೀಳುತ್ತದೆ ಅಂತ ನೀವೇ ಬರೆದಿದ್ದೀರಿ. ಅಲ್ಲಿಗೆ 10 ರೂಪಾಯಿ. ಇನ್ನು ಬೂಸ್ಟ್‌ನ 5,000 ರೂಪಾಯಿಯನ್ನು 40 ಆರ್ಡರ್‌ಗೆ ಹಂಚಿ. ಒಂದಕ್ಕೆ 125. ಅಂದರೆ ಪ್ರತಿ ಗಿಲಕಿಗೆ ನಿಮ್ಮ ಕೈಯಿಂದ 115 ರೂಪಾಯಿ ಹೋಗುತ್ತಿದೆ. ಆರ್ಡರ್ 80 ಆದರೂ, 200 ಆದರೂ ಈ ಗಿಲಕಿಯೊಂದರಿಂದ ಸಂಸಾರ ನಡೆಯುವುದಿಲ್ಲ.

ಕುಶಲಕರ್ಮಿಯ 110ರಲ್ಲಿ ಕಡಿಮೆ ಮಾಡುವ ಯೋಚನೆ ಬೇಡ, ದಯವಿಟ್ಟು. ತಪ್ಪು ಅಲ್ಲಿಲ್ಲ. ಮಾರ್ಕೆಟ್‌ಪ್ಲೇಸ್ ಹಿಡಿಯುವ ದುಡ್ಡಿನಲ್ಲಿ ಒಂದು ಭಾಗ ಬೆಲೆ ಎಷ್ಟೇ ಇದ್ದರೂ ಹಾಗೇ ಇರುತ್ತದೆ. ಹಾಗಾಗಿ ಸಣ್ಣ ಬೆಲೆಯ ವಸ್ತುವನ್ನು ಅದು ಜಾಸ್ತಿ ತಿನ್ನುತ್ತದೆ. ಮಾರ್ಕೆಟ್‌ಪ್ಲೇಸ್‌ನಲ್ಲಿ ಬಿಡಿ ವಸ್ತು ನಿಲ್ಲಿಸಿ, ಸೆಟ್ ಮಾರಿ.

ನಿಮ್ಮಲ್ಲಿರುವುದರಿಂದಲೇ ಒಂದು ಸೆಟ್ ಕಟ್ಟೋಣ. ಎರಡು ಬಗೆಯ ಗಿಲಕಿ (110 ಮತ್ತು 90), ಕಡ್ಡಿಗೆ ಬಣ್ಣದ ಬಳೆ ಜೋಡಿಸುವ ಆಟಿಕೆ ಒಂದು (210). ಒಟ್ಟು 410. ಚೆಂದದ ಡಬ್ಬಿಗೆ 55 ಸೇರಿಸಿದರೆ 465. ಬೆಲೆ 1,050 ಇಡಿ. ಜಿಎಸ್‌ಟಿ 50 ಹೋಗಿ 1,000. ಮಾರ್ಕೆಟ್‌ಪ್ಲೇಸ್‌ಗೆ 250 ಅಂತಲೇ ಹಿಡಿಯೋಣ. ವಾಪಸಾತಿಗೆ 20 ತೆಗೆದಿಡಿ. 265 ರೂಪಾಯಿ ಉಳಿಯಿತು. ಹತ್ತು ಬಿಡಿ ಗಿಲಕಿ ಮಾರಿ ಬೂಸ್ಟ್‌ಗೆ ಮುಂಚೆ 100 ಉಳಿಸುವ ಬದಲು ಒಂದು ಸೆಟ್‌ನಲ್ಲಿ 265. ಇದನ್ನು ಕೊಳ್ಳುವವರು ಯಾರು? ನಾಮಕರಣಕ್ಕೆ, ತೊಟ್ಟಿಲು ಶಾಸ್ತ್ರಕ್ಕೆ ಹೋಗುವವರು. ಅವರು 315 ರೂಪಾಯಿಯ ಒಂದೇ ಗಿಲಕಿ ಹಿಡಿದುಕೊಂಡು ಹೋಗಲು ಸ್ವಲ್ಪ ಹಿಂಜರಿಯುತ್ತಾರೆ. ಸಾವಿರದ ಡಬ್ಬಿ ಉಡುಗೊರೆ ಅನಿಸಿಕೊಳ್ಳುತ್ತದೆ.

ಡಬ್ಬಿಯ ಅಳತೆ ಮಾತ್ರ ಹುಷಾರು. ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಆ ಕೆಜಿ ಜಾಸ್ತಿ ಬಂದರೆ ಅದಕ್ಕೇ ದುಡ್ಡು. 30×25×15ರ ಡಬ್ಬಿ ತೆಗೆದುಕೊಂಡರೆ 2.25 ಕೆಜಿ ಲೆಕ್ಕ, ಒಳಗೆ ಅರ್ಧ ಕೆಜಿ ಮರ ಇದ್ದರೂ. ಅದೇ 22×16×9ರಲ್ಲಿ ಒತ್ತಾಗಿ ಜೋಡಿಸಿದರೆ 0.63 ಕೆಜಿ. ಶುರುವಿನಲ್ಲಿ ನಾನೂ ದೊಡ್ಡ ಡಬ್ಬಿಗಳನ್ನೇ ಮಾಡಿಸಿ, ಮೂರು ತಿಂಗಳು ಲಾಭವನ್ನೆಲ್ಲ ಗಾಳಿಗೆ ಕಟ್ಟಿದ್ದೇನೆ. ಮೊದಲು ಸೆಟ್ ಜೋಡಿಸಿ ಅಳೆಯಿರಿ, ಆಮೇಲೆ ಡಬ್ಬಿಗೆ ಆರ್ಡರ್ ಕೊಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ಸೆಟ್ ಹಾಕುವ ಮುಂಚೆ ತಿಳಿದಿರಬೇಕು. 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿ ತಾನೇ ಮಾಡಿ ಮಾರಿದರೆ ವಿನಾಯಿತಿ ಇದೆ. ಭೌಗೋಳಿಕ ಗುರುತಿನ, ಅಂದರೆ ಜಿಐ ನೋಂದಣಿಯ ಮಾಲೀಕರು ಅಥವಾ ಅದರ ಅಧಿಕೃತ ಬಳಕೆದಾರರು ಮಾಡಿ ಮಾರಿದರೂ ಇದೆ. ಚನ್ನಪಟ್ಟಣದ ಆಟಿಕೆಗೆ ಜಿಐ ಇದೆ, ನಿಜ. ಆದರೆ ನೀವು ಇನ್ನೊಬ್ಬರಿಂದ ಮಾಡಿಸಿ ಮಾರುವವರು. ಊರಿನ ಹೆಸರಿನ ಬಲದಿಂದಲೇ ವಿನಾಯಿತಿ ನಿಮಗೂ ಸಿಕ್ಕಿತು ಅಂದುಕೊಳ್ಳಬೇಡಿ. ಕುಶಲಕರ್ಮಿಗಳ ಹತ್ತಿರ ಆ ಆಯುಕ್ತರ ಕಚೇರಿಯ ಪೆಹಚಾನ್ ಕಾರ್ಡ್ ಇದೆಯಾ ನೋಡಿ. ಅಧಿಕೃತ ಬಳಕೆದಾರರಾಗಲು ಚೆನ್ನೈನ ಜಿಐ ನೋಂದಣಿ ಕಚೇರಿಗೆ ಅರ್ಜಿ ಹಾಕಿಸಿ. ಬಿಲ್ಲು ಯಾರ ಹೆಸರಲ್ಲಿರಬೇಕು ಅನ್ನುವುದನ್ನು ಬಿಐಎಸ್ ಕಚೇರಿಯಲ್ಲೇ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. ಕಾಗದ ಸರಿಯಿಲ್ಲದಿದ್ದರೆ ಲಿಸ್ಟಿಂಗ್ ಸೀಸನ್ ಮಧ್ಯದಲ್ಲಿ ಮಾಯವಾಗುತ್ತದೆ. ಕುಂಕುಮ ಭರಣಿ, ಬಳೆ ಆಟಿಕೆಯಲ್ಲ, ಈ ನಿಯಮ ಅವಕ್ಕೆ ತಗುಲುವುದಿಲ್ಲ. ಹಾಗಾಗಿ ಈ ಸೀಸನ್ ಅವುಗಳಿಂದ ಶುರುವಾಗಲಿ, ಕಾಗದ ಸಿದ್ಧವಾದ ಮೇಲೆ ಗಿಲಕಿ ಸೆಟ್ ಬರಲಿ.

ನಿಮಗೆ ಈಗ ಕಣ್ಣೆದುರು ಇರುವುದು ವರಮಹಾಲಕ್ಷ್ಮಿ ಹಬ್ಬ. ಬಂದ ಮುತ್ತೈದೆಯರಿಗೆ ತಾಂಬೂಲದ ಜೊತೆ ಏನಾದರೂ ಕೊಡಬೇಕು, ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಸಾಕಾಗಿದೆ. 25, 50 ಭರಣಿ ಒಟ್ಟಿಗೆ ಕೇಳುವವರು ಇವರೇ. ಇವರು ಮಾರ್ಕೆಟ್‌ಪ್ಲೇಸ್‌ಗೆ ಹೋಗುವುದಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ಚೌಕಾಸಿ ಮಾಡಿ ತೆಗೆದುಕೊಳ್ಳುತ್ತಾರೆ. ನಿಮ್ಮ ಭರಣಿಗೆ ಬೀಳುವುದು 45 ರೂಪಾಯಿ, ಬಟ್ಟೆ ಚೀಲಕ್ಕೆ 6. ತೆರಿಗೆ ಬಿಟ್ಟು 80ಕ್ಕೆ ಕೊಟ್ಟರೆ 50ರ ಒಂದು ಆರ್ಡರ್‌ನಲ್ಲಿ 1,450 ಉಳಿಯುತ್ತದೆ. ಕೊರಿಯರ್ ಅವರದ್ದು. ಅರ್ಧ ದುಡ್ಡು ಮುಂಗಡ ಬರಲಿ, ಇಲ್ಲದಿದ್ದರೆ ಲೇತ್ ಓಡಿಸಬೇಡಿ.

ಲೇತ್ ಅಂದಾಗ ನೆನಪಾಯಿತು. ನಾಲ್ಕು ಜನ ಸೇರಿ ದಿನಕ್ಕೆ 60 ಸಣ್ಣ ಪೀಸ್ ಅಂತ ಹಾಳೆಯಲ್ಲಿದೆ. ಹಾಗಾದರೆ ಹತ್ತು ದಿನಕ್ಕೆ 600, ಅಂದರೆ 50ರ 12 ಆರ್ಡರ್. ಹಬ್ಬಕ್ಕೆ ಹತ್ತು ದಿನ ಮುಂಚೆ ಆರ್ಡರ್ ನಿಲ್ಲಿಸಿ, ಆ ತಾರೀಖನ್ನು ಮೊದಲೇ ಎಲ್ಲ ಕಡೆ ಹಾಕಿ. ಮಳೆಗಾಲದಲ್ಲಿ ಹಾಲೆ ಮರ ಸರಿಯಾಗಿ ಒಣಗುವುದಿಲ್ಲ. ಹಸಿ ಮರದಲ್ಲಿ ಅವಸರಕ್ಕೆ ಮಾಡಿದ ಭರಣಿಯ ಮುಚ್ಚಳ ಆಮೇಲೆ ಸಡಿಲವಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಒಣಗಿದ ಮರ ಎಷ್ಟಿದೆಯೋ ಅಷ್ಟಕ್ಕೇ ಆರ್ಡರ್ ಹಿಡಿಯಿರಿ.

ಇದುವರೆಗೆ ಕೊಂಡವರ ನಂಬರ್‌ಗಳನ್ನು ಕೂಡಿಸಿ ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಲಿಸ್ಟ್‌ನಲ್ಲಿ 256 ಜನ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕೇ ನೇರವಾಗಿ ಕೊಂಡವರಿಗೆ ಪಾರ್ಸೆಲ್ ಹೋದ ದಿನ "ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಬಣ್ಣ ಬಂದಾಗ ಫೋಟೊ ಕಳಿಸ್ತೀನಿ" ಅಂತ ಒಂದು ಸಾಲು ಬರೆಯಿರಿ. ಮಾರ್ಕೆಟ್‌ಪ್ಲೇಸ್ ಪಾರ್ಸೆಲ್ ಒಳಗೆ ಮಾತ್ರ "ನಮ್ಮ ಹತ್ತಿರವೇ ತಗೊಂಡರೆ ಕಡಿಮೆ" ಅಂತ ಚೀಟಿ ಇಡಬೇಡಿ. ದೊಡ್ಡ ಮಾರ್ಕೆಟ್‌ಪ್ಲೇಸ್‌ಗಳು ಇದನ್ನು ಒಪ್ಪುವುದಿಲ್ಲ, ಅಕೌಂಟ್ ಮುಚ್ಚಬಹುದು.

ಹಾಗಾದರೆ ಇನ್‌ಸ್ಟಾಗ್ರಾಮ್ ಯಾಕೆ? ಜನ ನಂಬುವುದಕ್ಕೆ, ವಾಟ್ಸ್ಆ್ಯಪ್‌ಗೆ ಬರುವುದಕ್ಕೆ. ನಿಮ್ಮ ರೀಲ್ಸ್ ನೋಡಿದೆ. ಮೊದಲ ನಾಲ್ಕು ಸೆಕೆಂಡ್ ಬ್ರ್ಯಾಂಡ್ ಹೆಸರು ತಿರುಗುತ್ತದೆ, ಅಷ್ಟರಲ್ಲಿ ಜನ ಮುಂದಕ್ಕೆ ಹೋಗಿರುತ್ತಾರೆ. ನಿಮ್ಮ ಕಸುಬಿನಲ್ಲೇ ಒಂದು ಗಳಿಗೆ ಇದೆ: ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗುತ್ತದೆ, ಬಿಳಿ ಮರ ಕಣ್ಣೆದುರೇ ಹಳದಿಯಾಗುತ್ತದೆ. ಆಮೇಲೆ ತಾಳೆಗರಿ ಹಿಡಿದಾಗ ಹೊಳಪು ಬರುತ್ತದೆ. ರೀಲ್ ಅಲ್ಲಿಂದಲೇ ಶುರುವಾಗಲಿ, ಲೇತ್‌ನ ಸದ್ದು ಹಾಗೇ ಇರಲಿ, ಸಿನಿಮಾ ಹಾಡು ಬೇಡ. ವಾರಕ್ಕೆ ಎರಡು ಸಾಕು.

ಬೂಸ್ಟ್ ಬಟನ್ ಒತ್ತುವುದನ್ನು ನಿಲ್ಲಿಸಿ. ಅದು ಲೈಕ್ ತರುತ್ತದೆ, ಕೊಳ್ಳುವವರನ್ನು ತರುವುದು ಕಡಿಮೆ. Ads Manager ಒಳಗೆ ಹೋಗಿ, ಒತ್ತಿದರೆ ವಾಟ್ಸ್ಆ್ಯಪ್ ತೆರೆಯುವ ಜಾಹೀರಾತು ಮಾಡಿ. ಬೆಂಗಳೂರು, ಮೈಸೂರು ಆರಿಸಿ. ಆಷಾಢದಲ್ಲಿ ಭರಣಿಯನ್ನು ತೋರಿಸಿ, ದಿನಕ್ಕೆ 200 ರೂಪಾಯಿಯಂತೆ ಐದು ದಿನ ಹಾಕಿ. ಎಷ್ಟು ಜನ ಮೆಸೇಜ್ ಮಾಡಿದರು, ಎಷ್ಟು ಜನ ಮುಂಗಡ ಕಳಿಸಿದರು ಅಂತ ಪುಸ್ತಕದಲ್ಲಿ ಬರೆಯಿರಿ. 50ರ ಆರ್ಡರ್‌ನಲ್ಲಿ 1,450 ಉಳಿಯುವಾಗ ಒಂದು ಆರ್ಡರ್ ತರಲು 400 ಖರ್ಚಾದರೂ ತಡೆಯಬಹುದು. ಹಾಗಾಗಿ 1,000 ರೂಪಾಯಿಗೆ ಕನಿಷ್ಠ ಮೂರು ಆರ್ಡರ್ ಬರಬೇಕು. ಮೆಸೇಜ್ ಬಂದು ಆರ್ಡರ್ ಬರಲಿಲ್ಲ ಅಂದರೆ ಬೆಲೆಯೋ ಉತ್ತರ ಕೊಡುವ ವೇಗವೋ ಸರಿಯಿಲ್ಲ. ಮೆಸೇಜೇ ಬರಲಿಲ್ಲ ಅಂದರೆ ವಿಡಿಯೊ ಬದಲಿಸಿ.

ಗಿಲಕಿ ಸೆಟ್ ಹಾಕುವಾಗ ಲಿಸ್ಟಿಂಗ್ ಹೀಗಿರಲಿ. ಹುಡುಕುವವರಲ್ಲಿ ಬಹಳ ಜನಕ್ಕೆ ನಮ್ಮ ಊರಿನ ಹೆಸರೇ ಗೊತ್ತಿಲ್ಲ, ಅವರು `wooden rattle for baby` ಅಂತ ಟೈಪ್ ಮಾಡುತ್ತಾರೆ. ಶೀರ್ಷಿಕೆಯಲ್ಲಿ ಎರಡೂ ಇರಲಿ:

`Channapatna Wooden Baby Rattle and Ring Stacker Set of 3, Lac Finish, Naming Ceremony Gift`

`channapattana`, `chennapatna` ಅಂತ ತಪ್ಪಾಗಿ ಬರೆಯುವವರೂ ಇದ್ದಾರೆ. ಆ ಸ್ಪೆಲಿಂಗ್‌ಗಳನ್ನು ಹುಡುಕುಪದಗಳ ಜಾಗದಲ್ಲಿ ತುಂಬಿ. ಫೋಟೊವನ್ನು ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ತೆಗೆಯಿರಿ, ಇಲ್ಲದಿದ್ದರೆ ಅರಗಿನ ಹೊಳಪು ಬಿಳಿ ಕಲೆಯಾಗಿ ಕಾಣುತ್ತದೆ. ಒಂದು ಫೋಟೊದಲ್ಲಿ ಆಟಿಕೆ ಕೈಯಲ್ಲಿರಲಿ. "ತುಂಬ ಸಣ್ಣದು" ಅಂತ ವಾಪಸ್ ಕಳಿಸುವವರು ಅಳತೆಯ ಅಂಕಿ ಓದಿರುವುದಿಲ್ಲ, ಕೈ ನೋಡಿ ಅಂದಾಜು ಮಾಡುತ್ತಾರೆ. ಪ್ರತಿ ಸಲ ಬಣ್ಣ ಸ್ವಲ್ಪ ಬೇರೆ ಬರುತ್ತದೆ ಅಂತ ಮೊದಲ ಸಾಲಲ್ಲೇ ಹೇಳಿ.

"ನೂರಕ್ಕೆ ನೂರು ವಿಷರಹಿತ" ಅಂತ ನೀವು ಬರೆದಿದ್ದೀರಿ. ಪರೀಕ್ಷೆಯ ವರದಿ ಇಲ್ಲದಿದ್ದರೆ ಅದನ್ನು ತೆಗೆಯಿರಿ. ನಾಲ್ಕು ಜನರಲ್ಲಿ ಯಾರು ಅರಿಶಿನದಂಥ ಗಿಡದ ಬಣ್ಣ ಹಾಕುತ್ತಾರೆ, ಯಾರು ಅಂಗಡಿಯ ಬಣ್ಣದ ಪುಡಿ ತರುತ್ತಾರೆ ಅಂತ ಲೇತ್ ಪಕ್ಕ ಕೂತು ನೀವೇ ನೋಡಬೇಕು. ಗಿಲಕಿ ಮಗುವಿನ ಬಾಯಿಗೆ ಹೋಗುತ್ತದೆ. ಮಾದರಿಗಳನ್ನು ಆಟಿಕೆ ಪರೀಕ್ಷಿಸುವ ಲ್ಯಾಬ್‌ಗೆ ಕಳಿಸಿ, ವರದಿಯ ಫೋಟೊವನ್ನೇ ಲಿಸ್ಟಿಂಗ್‌ಗೆ ಹಾಕಿ.

ಈ ವಾರ ಜಾಹೀರಾತಿಗಿಂತ ಮುಂಚೆ ಇಬ್ಬರು ಹಳೇ ಗ್ರಾಹಕರಿಗೆ ಫೋನ್ ಮಾಡಿ, ವರಮಹಾಲಕ್ಷ್ಮಿಗೆ ಎಷ್ಟು ಜನ ಮುತ್ತೈದೆಯರನ್ನು ಕರೆಯುತ್ತಾರೆ, ಒಬ್ಬೊಬ್ಬರಿಗೆ ಎಷ್ಟು ಖರ್ಚು ಮಾಡುತ್ತಾರೆ ಕೇಳಿ. ಅವರು 60 ಅಂದರೆ ನನ್ನ 80ರ ಲೆಕ್ಕ ನಡೆಯುವುದಿಲ್ಲ, ಇನ್ನೂ ಸಣ್ಣ ಭರಣಿ ಮಾಡಿಸಬೇಕಾಗುತ್ತದೆ. ಆಗ ಹೊಸ ಅಳತೆ, ಅದಕ್ಕೆ ಬೀಳುವ ಖರ್ಚು ಬರೆದು ಕಳಿಸಿ, ಮತ್ತೆ ಕೂತು ನೋಡೋಣ.