ಕೇಬಲ್ ಬದಲಿಸಬೇಡಿ, ಮೊದಲು ಆ PCM ತೆಗೆಯಿರಿ

"ಟಿವಿ, ಸೌಂಡ್‌ಬಾರ್ ಎರಡರಲ್ಲೂ, ಟಿವಿಗೆ ಬಂದ ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಬಾರ್‌ಗೆ ಕಳಿಸುವ ಇ-ಆರ್ಕ್ ಇದೆ. ಬ್ಲೂ-ರೇ ಪ್ಲೇಯರ್ ಟಿವಿಗೆ, ಟಿವಿಯಿಂದ ಒಂದೇ ಎಚ್‌ಡಿಎಂಐ ಕೇಬಲ್ ಬಾರ್‌ಗೆ. ಟಿವಿಯ ಧ್ವನಿ ಮೆನುವಿನಲ್ಲಿ PCM ಇಟ್ಟಿದ್ದೇನೆ, ಅದರಲ್ಲಿ ಸಂಕುಚನ ಇಲ್ಲವಲ್ಲ. ಆದರೂ ಯಾವ ಡಿಸ್ಕ್ ಹಾಕಿದರೂ ಬಾರ್ ಮೇಲೆ PCM 2.0 ಎಂದೇ ಬರುತ್ತದೆ. ಇನ್ನೂ ಒಳ್ಳೆಯ ಕೇಬಲ್ ತರಬೇಕೇ?"

ಬೇಡ. ನಿಮ್ಮ ಪ್ರಶ್ನೆ ಓದುತ್ತಿದ್ದರೆ ನಾನೇ ಹಿಂದೊಮ್ಮೆ ಬರೆದದ್ದನ್ನು ಓದಿದಂತಾಯಿತು. ನಾನೂ ಇದೇ ತರ್ಕ ಹಿಡಿದು PCM ಇಟ್ಟು, ಎರಡು ತಿಂಗಳು ಬರೀ ಎಡ-ಬಲ ಧ್ವನಿ ಕೇಳಿದ್ದೇನೆ, ಎಲ್ಲ ಸರಿಹೋಗುವ ಹೊತ್ತಿಗೆ ಒಂದರ ಮೇಲೊಂದು ಎರಡು ಕೇಬಲ್ ಕೊಂಡಿದ್ದೇನೆ. ಎರಡೂ ಈಗ ಪೆಟ್ಟಿಗೆಯಲ್ಲಿವೆ. ಮೂಲ ಕೇಬಲ್‌ನಲ್ಲಿ ಯಾವ ದೋಷವೂ ಇರಲಿಲ್ಲ.

PCM ಸಂಕುಚಿತವಲ್ಲ ಎಂಬುದು ನಿಜ. ಆದರೆ ಟಿವಿಯ ಆ ಮೆನುವಿನಲ್ಲಿ PCM ಆರಿಸಿದರೆ, ಬಂದದ್ದನ್ನೆಲ್ಲ ಟಿವಿಯೇ ಬಿಡಿಸಿ ಎರಡು ಚಾನೆಲ್‌ಗೆ ಇಳಿಸಿ ಕಳಿಸಲಿ ಎಂದು ಹೇಳಿದಂತೆ. ಬಹುತೇಕ ಟಿವಿಗಳು ಹಾಗೆಯೇ ಮಾಡುತ್ತವೆ. ಡಿಸ್ಕ್‌ನಲ್ಲಿ ಎಂಟು ಚಾನೆಲ್ ಇರಲಿ, ಮೇಲಿನಿಂದಲೂ ಧ್ವನಿ ಬರುವ ಅಟ್ಮಾಸ್ ಇರಲಿ, ಬಾರ್‌ಗೆ ತಲುಪುವುದು ಎರಡು. ಪ್ಲೇಯರ್‌ನ ಮೆನುವಿನಲ್ಲಿಯೂ PCM ಎಂಬ ಆಯ್ಕೆ ಇರುತ್ತದೆ. ಅದು ಬೇರೆ. ಅಲ್ಲಿ ಪ್ಲೇಯರ್ ತಾನೇ ಬಿಡಿಸಿ ಐದೋ ಏಳೋ ಚಾನೆಲ್‌ಗಳನ್ನೂ ಹಾಗೆಯೇ ಮುಂದೆ ಕಳಿಸುತ್ತದೆ. ಎರಡಕ್ಕೂ ಒಂದೇ ಹೆಸರಿರುವುದರಿಂದಲೇ ಇಷ್ಟು ಜನ ಎಡವುತ್ತಾರೆ. ಮೆನು ಬರೆಯುವವರು ಆ ಸಾಲಿನ ಪಕ್ಕ "ಎರಡು ಚಾನೆಲ್ ಮಾತ್ರ" ಎಂದು ಸೇರಿಸಿದ್ದರೆ ಈ ಗುಂಪಿನ ಅರ್ಧ ಪ್ರಶ್ನೆಗಳು ಹುಟ್ಟುತ್ತಲೇ ಇರಲಿಲ್ಲ.

ಟಿವಿಯಲ್ಲಿ `Pass Through` ಇಡಿ. ಎಲ್‌ಜಿಯಲ್ಲಿ ಅದು `Digital Sound Output` ಒಳಗಿದೆ, ಸ್ಯಾಮ್‌ಸಂಗ್‌ನಲ್ಲಿ `Expert Settings` ಒಳಗೆ `Digital Output Audio Format`, ಸೋನಿಯಲ್ಲಿ `Pass through mode` ಎಂದೇ ಪ್ರತ್ಯೇಕ ಸಾಲು, ಅದನ್ನು `Auto` ಮಾಡಬೇಕು. ಎಲ್‌ಜಿ ಮತ್ತು ಸ್ಯಾಮ್‌ಸಂಗ್‌ನ `Auto` ಕೂಡ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಕೆಲವು ಮಾದರಿಗಳಲ್ಲಿ ಸಾಕು. ಕೆಲವು ಮಾದರಿಗಳು ಅದರಲ್ಲಿ ಧ್ವನಿಯನ್ನು ಬಿಡಿಸಿ ಮತ್ತೆ ಕಟ್ಟುತ್ತವೆ. ನನಗೆ ಟಿವಿ ಮಧ್ಯದಲ್ಲಿ ಕೈ ಹಾಕುವುದೇ ಬೇಡ, ಆದ್ದರಿಂದ ಎಲ್ಲರಿಗೂ ಪಾಸ್ ಥ್ರೂ ಎಂದೇ ಹೇಳುತ್ತೇನೆ.

ಇಷ್ಟಕ್ಕೇ ಮುಗಿಯಿತು ಎಂದು ಎದ್ದು ಹೋಗಬೇಡಿ. ನಾನು ಹಾಗೆ ಎದ್ದು ಹೋಗಿದ್ದೆ.

ನನ್ನಲ್ಲಿ ಆದದ್ದು ಹೀಗೆ. ಟ್ರೂಎಚ್‌ಡಿ, ಅಂದರೆ ಡಾಲ್ಬಿಯ ನಷ್ಟವಿಲ್ಲದ ಧ್ವನಿಯಲ್ಲಿ ಅಟ್ಮಾಸ್ ಇರುವ ಒಂದೇ ಡಿಸ್ಕ್ ಹಿಡಿದುಕೊಂಡು, ಅದರ ಅದೇ ಅಧ್ಯಾಯವನ್ನು ಪ್ರತಿ ಬದಲಾವಣೆಯ ನಂತರ ಹಾಕಿ, ಬಾರ್‌ನ ಚಿಕ್ಕ ಪರದೆಯನ್ನು ನೋಡುತ್ತ ಹೋದೆ. PCM ಇದ್ದಾಗ ಬಂದದ್ದು ನಿಮ್ಮ ಹಾಗೆಯೇ `PCM 2.0`. ಪಾಸ್ ಥ್ರೂ ಮಾಡಿದೆ, `Dolby D` ಎಂದು ಬಂತು. ಐದೂ ಕಡೆಯಿಂದ ಧ್ವನಿ ಕೇಳಿತು, ಖುಷಿಯಾಯಿತು, ಒಂದು ವಾರ ಹಾಗೆಯೇ ಬಿಟ್ಟೆ. ಆದರೆ ಅದು ಡಿಸ್ಕ್‌ನ ಪೂರ್ಣ ಧ್ವನಿ ಅಲ್ಲವೇ ಅಲ್ಲ. ಟ್ರೂಎಚ್‌ಡಿ ಜಾಡಿನ ಜೊತೆ ಹಳೆಯ ಸಾಧನಗಳಿಗೆಂದು ಒಂದು ಸಾಮಾನ್ಯ ಡಾಲ್ಬಿ ಡಿಜಿಟಲ್ ಜಾಡು ಕೂಡ ಇರುತ್ತದೆ. ದಾರಿ ಕಿರಿದು ಎಂದು ತಿಳಿದ ಪ್ಲೇಯರ್ ಅದನ್ನೇ ಕಳಿಸುತ್ತಿತ್ತು.

ದಾರಿ ಏಕೆ ಕಿರಿದಾಗಿತ್ತು? ಟಿವಿಯಲ್ಲಿ ಇ-ಆರ್ಕ್ ಎಂಬ ಬೇರೆಯೇ ಸ್ವಿಚ್ ಇತ್ತು, ಅದು ಆಫ್ ಆಗಿತ್ತು! ರಂಧ್ರದ ಪಕ್ಕ eARC ಎಂದು ಅಚ್ಚಾಗಿದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಸ್ವಿಚ್ ಆಫ್ ಇದ್ದರೆ ಎರಡೂ ಸಾಧನಗಳು ಅದರ ಹಿಂದಿನ ಕಿರಿದಾದ ರೂಪವಾದ ಹಳೆಯ ಆರ್ಕ್‌ಗೆ ಇಳಿದು ಸುಮ್ಮನೆ ನಡೆಯುತ್ತವೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಎಲ್‌ಜಿಯಲ್ಲಿ `eARC Support`, ಸೋನಿಯಲ್ಲಿ `eARC mode`, ಸ್ಯಾಮ್‌ಸಂಗ್‌ನಲ್ಲಿ `HDMI-eARC Mode`. ಕೆಲವು ಟಿವಿಗಳಲ್ಲಿ ಧ್ವನಿಯ ಹೊರದಾರಿಯನ್ನು ಎಚ್‌ಡಿಎಂಐ ಎಂದು ಆರಿಸುವವರೆಗೆ ಈ ಸಾಲು ಮಸುಕಾಗಿಯೇ ಇರುತ್ತದೆ, ಅದನ್ನು ಕಂಡು "ನನ್ನ ಟಿವಿಯಲ್ಲಿ ಇಲ್ಲ" ಎಂದು ತೀರ್ಮಾನಿಸಬೇಡಿ. ಕೆಲವು ಬಾರ್‌ಗಳ ಮೆನುವಿನಲ್ಲಿಯೂ ಇದೇ ಸ್ವಿಚ್ ಇದೆ, ಎರಡೂ ಕಡೆ ಆನ್ ಬೇಕು. ಆಮೇಲೆ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು, ಎರಡು ನಿಮಿಷ ಬಿಟ್ಟು, ಮೊದಲು ಬಾರ್, ನಂತರ ಟಿವಿ ಹಚ್ಚಿ. ರಿಮೋಟ್‌ನಲ್ಲಿ ಆಫ್ ಮಾಡಿ ಮತ್ತೆ ಹಚ್ಚುವುದು ಲೆಕ್ಕಕ್ಕಿಲ್ಲ, ಆಗ ಎರಡೂ ಅರೆನಿದ್ದೆಯಲ್ಲಿ ಹಳೆಯ ಒಪ್ಪಂದವನ್ನೇ ಹಿಡಿದಿರುತ್ತವೆ.

ಅಷ್ಟಾದರೂ ನನಗೆ ಮತ್ತೆ `Dolby D` ಬಂತು. ಇಲ್ಲಿಯೇ ನನ್ನ ತಾಳ್ಮೆ ಕೆಟ್ಟದ್ದು, ಎರಡನೆಯ ಕೇಬಲ್ ಕೊಂಡದ್ದು. ಕಾರಣ ಇದ್ದದ್ದು ಪ್ಲೇಯರ್‌ನಲ್ಲಿ. ಡಿಸ್ಕ್‌ನ ಮೆನು ಸದ್ದು, ನಿರ್ದೇಶಕರ ಮಾತು ಇಂಥವನ್ನು ಮುಖ್ಯ ಧ್ವನಿಗೆ ಬೆರೆಸುವ ಆಯ್ಕೆಯೊಂದಿದೆ. ಸೋನಿ ಪ್ಲೇಯರ್‌ಗಳಲ್ಲಿ ಅದು `BD Audio MIX Setting`, ಬೇರೆಯವುಗಳಲ್ಲಿ `Secondary Audio`. ಅದು ಆನ್ ಇದ್ದರೆ ಪ್ಲೇಯರ್ ಎಲ್ಲವನ್ನೂ ಬಿಡಿಸಿ ಬೆರೆಸಬೇಕು, ಬೆರೆಸಿದ್ದನ್ನು ಟ್ರೂಎಚ್‌ಡಿಯಾಗಿ ಮತ್ತೆ ಕಟ್ಟಲು ಅದಕ್ಕೆ ಬರುವುದಿಲ್ಲ. ಅದನ್ನು ಆಫ್ ಮಾಡಿ, ಧ್ವನಿಯನ್ನು ಬಿಡಿಸದೆ ಹಾಗೆಯೇ ಕಳಿಸುವ `Bitstream` ಮಾಡಿದ ಕ್ಷಣ ಬಾರ್ ಮೇಲೆ `TrueHD`, ಅದರ ಹಿಂದೆಯೇ `Atmos` ಬಂತು. ಹೊಸ ಕೇಬಲ್ ತೆಗೆದು ಹಳೆಯದನ್ನು ಹಾಕಿ ನೋಡಿದೆ, ಆಗಲೂ ಅದೇ ಬಂತು.

ನೀವೂ ಇದೇ ಕ್ರಮದಲ್ಲಿ ಒಂದೊಂದನ್ನೇ ಬದಲಿಸಿ, ಪ್ರತಿ ಸಲ ಬಾರ್‌ನಲ್ಲಿ ಬಂದದ್ದನ್ನು ಬರೆದಿಟ್ಟುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂದು ಎಂದಿಗೂ ತಿಳಿಯುವುದಿಲ್ಲ.

ಮೇಲೆ ಒಬ್ಬರು "ನನ್ನ ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಅಟ್ಮಾಸ್ ಬರುತ್ತದೆ, ಆದ್ದರಿಂದ ನನ್ನ ಇ-ಆರ್ಕ್ ಸರಿಯಿದೆ" ಎಂದಿದ್ದಾರೆ. ಅರ್ಧ ಸರಿ. ಸ್ಟ್ರೀಮಿಂಗ್‌ನ ಅಟ್ಮಾಸ್ ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಬರುತ್ತದೆ, ನೆಟ್‌ಫ್ಲಿಕ್ಸ್‌ನಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 768 ಕಿಲೋಬಿಟ್. ಅದು ಹಳೆಯ ಆರ್ಕ್‌ನಲ್ಲೂ ಹೋಗುತ್ತದೆ. ಟ್ರೂಎಚ್‌ಡಿಗೆ ಸೆಕೆಂಡಿಗೆ 18 ಮೆಗಾಬಿಟ್‌ವರೆಗೂ ಬೇಕಾಗಬಹುದು, ಇ-ಆರ್ಕ್ ದಾರಿಯಲ್ಲಿ 37 ಮೆಗಾಬಿಟ್‌ನಷ್ಟು ಜಾಗವಿದೆ. ಆದ್ದರಿಂದ ಬಾರ್ ಮೇಲೆ ಬರಿಯ `Atmos` ಕಂಡರೆ ಏನೂ ಸಾಬೀತಾಗುವುದಿಲ್ಲ. `TrueHD` ಅಥವಾ ಐದು-ಏಳು ಚಾನೆಲ್‌ಗಳ PCM ಕಂಡರೆ ಮಾತ್ರ ಇ-ಆರ್ಕ್ ನಡೆಯುತ್ತಿದೆ ಎಂದು ನಂಬಿ. ಇದರ ಇನ್ನೊಂದು ಅರ್ಥವನ್ನೂ ಹೇಳಬೇಕು. ಡಿಸ್ಕ್ ಪ್ಲೇಯರ್, ಗೇಮ್ ಕನ್ಸೋಲ್ ಯಾವುದೂ ಇಲ್ಲದೆ ಆ್ಯಪ್ ಮಾತ್ರ ನೋಡುವವರು ಇ-ಆರ್ಕ್‌ಗಾಗಿ ಟಿವಿ ಬದಲಿಸಲು ಹೊರಟರೆ ದಯವಿಟ್ಟು ತಡೆಯಿರಿ.

ಇನ್ನು ಕೇಬಲ್. "48 ಗಿಗಾಬಿಟ್‌ನ ಅಲ್ಟ್ರಾ ಹೈ ಸ್ಪೀಡ್ ಕೇಬಲ್ ಇಲ್ಲದೆ ಇ-ಆರ್ಕ್ ಬರುವುದೇ ಇಲ್ಲ" ಎಂದು ಬರೆದವರಿಗೆ ಹೇಳುತ್ತೇನೆ, ಇಂಥ ಮಾತಿನಿಂದಲೇ ಜನ ದುಡ್ಡು ಸುರಿಯುತ್ತಾರೆ. ಆ 48 ಗಿಗಾಬಿಟ್ ಚಿತ್ರಕ್ಕೆ ಸಂಬಂಧಿಸಿದ್ದು. ಇ-ಆರ್ಕ್ ಹೋಗುವುದು ಈಥರ್ನೆಟ್‌ಗೆಂದು ಇಟ್ಟಿದ್ದ ಜೋಡಿ ತಂತಿಯಲ್ಲಿ. `High Speed with Ethernet` ಎಂದು ಬರೆದ ಹಳೆಯ ಕೇಬಲ್ ಸಾಕು. ಈಥರ್ನೆಟ್ ಇಲ್ಲದ ಹಳೆಯ ಕೇಬಲ್‌ನಲ್ಲಿ ಆರ್ಕ್ ಬಂದರೂ ಇ-ಆರ್ಕ್ ಕೈಕೊಡಬಹುದು, ಧ್ವನಿ ಕ್ಷಣಕ್ಷಣಕ್ಕೆ ಕತ್ತರಿಸಿದಂತೆ ಆಗಬಹುದು. ಗೋಡೆಯೊಳಗೆ ಉದ್ದಕ್ಕೆ ಎಳೆಯುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಕೊಳ್ಳುವವರು ಮಾತ್ರ ಇ-ಆರ್ಕ್ ಬೆಂಬಲ ಇದೆಯೇ ಎಂದು ಪೆಟ್ಟಿಗೆಯ ಮೇಲೆ ಓದಿಯೇ ಕೊಳ್ಳಿ, ಎಲ್ಲದರಲ್ಲೂ ಇಲ್ಲ. ಅಂದ ಹಾಗೆ, ಬಾರ್ ಕಡೆ ಕೇಬಲ್ ಹೋಗಬೇಕಾದದ್ದು `HDMI OUT (eARC)` ಎಂಬಲ್ಲಿಗೆ, `IN` ಎಂಬಲ್ಲಿಗೆ ಅಲ್ಲ. ಧ್ವನಿ ಬಾರ್‌ನ ಒಳಗೆ ಬರುವುದರಿಂದ `IN` ಸರಿ ಅನಿಸುತ್ತದೆ, ಸರಿಯಲ್ಲ.

ಟಿವಿಯಿಂದ ಬಾರ್‌ಗೆ ಆಪ್ಟಿಕಲ್ ತಂತಿ ಹಾಕಿ "ಧ್ವನಿ ಚಿತ್ರಕ್ಕಿಂತ ಮುಂದೆ ಓಡುತ್ತದೆ" ಎಂದ ಮೇಡಂ, ನಿಮ್ಮದು ಬೇರೆ ಪ್ರಶ್ನೆ. ಆ ತಂತಿಯಲ್ಲಿ ಇ-ಆರ್ಕ್ ಇಲ್ಲವೇ ಇಲ್ಲ. ಇ-ಆರ್ಕ್‌ನಲ್ಲಿ ಬಾರ್ ತನ್ನ ವಿಳಂಬವನ್ನು ಟಿವಿಗೆ ತಾನೇ ತಿಳಿಸುವ ಏರ್ಪಾಡಿದೆ, ನಿಮ್ಮ ಎರಡೂ ಸಾಧನಗಳಲ್ಲಿ ಅದಿದ್ದರೆ ಆಪ್ಟಿಕಲ್ ಕಿತ್ತು ಅದಕ್ಕೇ ಹೋಗಿ. ಇಲ್ಲದಿದ್ದರೆ ಬಾರ್‌ನ ರಿಮೋಟ್‌ನಲ್ಲಿ ಧ್ವನಿ ವಿಳಂಬದ ಗುಂಡಿ ಹುಡುಕಿ.

ಎಚ್‌ಡಿಎಂಐ ಕೇಬಲ್ ಮೂಲಕ ಒಂದು ಸಾಧನ ಇನ್ನೊಂದನ್ನು ನಿಯಂತ್ರಿಸುವ ಸಿಇಸಿ ಇ-ಆರ್ಕ್‌ಗೆ ಬೇಕೇ ಬೇಡವೇ ಎಂದು ಇಲ್ಲಿ ನಡೆದ ಜಗಳದಲ್ಲಿ ನಾನು ಎರಡೂ ಕಡೆ ಇದ್ದೇನೆ. "ಇ-ಆರ್ಕ್‌ಗೆ ಸಿಇಸಿ ಬೇಕಿಲ್ಲ, ಅದಕ್ಕೆ ತನ್ನದೇ ಮಾತುಕತೆಯ ದಾರಿಯಿದೆ" ಎಂದ ಹಿರಿಯರ ಮಾತು ತಾಂತ್ರಿಕವಾಗಿ ಸರಿ. ಹಳೆಯ ಆರ್ಕ್ ಮಾತ್ರ ಸಿಇಸಿಯನ್ನು ನೆಚ್ಚಿಕೊಂಡಿದೆ. ಆದರೆ ನನ್ನ ಟಿವಿಯಲ್ಲಿ ಸಿಇಸಿ ಆಫ್ ಮಾಡಿದರೆ ಇ-ಆರ್ಕ್‌ನ ಸಾಲೇ ಮಸುಕಾಗುತ್ತದೆ, ತಯಾರಕರು ಎರಡನ್ನೂ ಗಂಟು ಹಾಕಿದ್ದಾರೆ. ಹಾಗಾಗಿ ಮೊದಲು ಆನ್ ಇಟ್ಟು ಎಲ್ಲ ಸರಿಪಡಿಸಿ. ಪ್ಲೇಯರ್ ತಾನಾಗಿ ಹೊತ್ತಿಕೊಳ್ಳುವುದು, ಇನ್‌ಪುಟ್ ತಾನಾಗಿ ಬದಲಾಗುವುದು ಕಾಡಿದರೆ ಪ್ಲೇಯರ್‌ನ ಸಿಇಸಿಯನ್ನು ಮಾತ್ರ ಆಫ್ ಮಾಡಿ, ಟಿವಿಯದು ಆನ್ ಆಗಿಯೇ ಇರಲಿ. ಹಿರಿಯರು ತಮ್ಮ ಟಿವಿಯ ಮಾದರಿ ತಿಳಿಸಿದರೆ ಇನ್ನಷ್ಟು ಜನರಿಗೆ ಉಪಯೋಗವಾಗುತ್ತದೆ.

ಕೊನೆಗೆ, ಡಾಲ್ಬಿಗೆ ಪ್ರತಿಸ್ಪರ್ಧಿಯಾದ ಡಿಟಿಎಸ್ ಧ್ವನಿ. ನಿಮ್ಮ ಡಿಸ್ಕ್‌ಗಳಲ್ಲಿ ಹಲವು ಡಿಟಿಎಸ್-ಎಚ್‌ಡಿ ಇರುತ್ತವೆ. 2018ರಿಂದೀಚೆಯ ಸ್ಯಾಮ್‌ಸಂಗ್ ಟಿವಿಗಳಲ್ಲಿ, 2020ರಿಂದ 2022ರವರೆಗಿನ ಎಲ್‌ಜಿ ಟಿವಿಗಳಲ್ಲಿ ಡಿಟಿಎಸ್ ಬೆಂಬಲ ಇಲ್ಲ, ಪಾಸ್ ಥ್ರೂ ಇಟ್ಟರೂ ಅದು ದಾಟುವುದಿಲ್ಲ. ಇಷ್ಟು ಬೆಲೆಯ ಟಿವಿಯಲ್ಲಿ ಇದನ್ನು ಬಿಟ್ಟದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಟ್ರೂಎಚ್‌ಡಿ ಡಿಸ್ಕ್ ಸರಿಯಾಗಿ ಬಂದು, ಇನ್ನೊಂದು ಡಿಸ್ಕ್ ಮಾತ್ರ ಮೌನವಾದರೆ ಅಥವಾ ಎರಡು ಚಾನೆಲ್‌ಗೆ ಇಳಿದರೆ ಇದೇ ಕಾರಣ ಎಂದು ತಿಳಿಯಿರಿ. ಆಗ ನಾನು ಮೇಲೆ ಹೇಳಿದ ಆ ಇನ್ನೊಂದು PCM ಕೆಲಸಕ್ಕೆ ಬರುತ್ತದೆ: ಆ ಡಿಸ್ಕ್‌ಗೆ ಮಾತ್ರ ಪ್ಲೇಯರ್‌ನ ಧ್ವನಿಯನ್ನು `PCM` ಮಾಡಿ, ಟಿವಿಯದು ಪಾಸ್ ಥ್ರೂ ಆಗಿಯೇ ಇರಲಿ. ಪ್ಲೇಯರ್ ಬಿಡಿಸಿದ ಅಷ್ಟೂ ಚಾನೆಲ್‌ಗಳು ಬಾರ್‌ಗೆ ಹೋಗಬೇಕು, ಪರದೆ ಮೇಲೆ `PCM 5.1` ಅಥವಾ `Multi PCM` ಎಂಬಂಥದ್ದು ಕಾಣಬೇಕು. ಡಿಟಿಎಸ್:ಎಕ್ಸ್ ಡಿಸ್ಕ್ ಆದರೆ ಮೇಲಿನಿಂದ ಬರುವ ಧ್ವನಿ ಈ ದಾರಿಯಲ್ಲಿ ಉಳಿಯುವುದಿಲ್ಲ. ಅದು ಬೇಕೇ ಬೇಕು ಎನ್ನುವವರು, ಬಾರ್‌ನಲ್ಲಿ `HDMI IN` ಇದ್ದರೆ, ಪ್ಲೇಯರನ್ನು ನೇರವಾಗಿ ಅಲ್ಲಿಗೇ ಹಾಕಿ.

ನಿಮ್ಮ ಟಿವಿಯ ವರ್ಷ ಮತ್ತು ಪಾಸ್ ಥ್ರೂ ಮಾಡಿದ ಮೇಲೆ ಬಾರ್‌ನಲ್ಲಿ ಬಂದ ಅಕ್ಷರಗಳನ್ನು ಹಾಗೆಯೇ ಇಲ್ಲಿ ಹಾಕಿ. `Dolby D` ಬಂದರೆ ನೇರವಾಗಿ ಪ್ಲೇಯರ್‌ನ ಮೆನುಗೆ ಹೋಗುವ ಮೊದಲು ಇ-ಆರ್ಕ್ ಸ್ವಿಚ್ ಇನ್ನೊಮ್ಮೆ ನೋಡಿ, ಟಿವಿ ತಂತ್ರಾಂಶ ಹೊಸದಾದಾಗ ನನ್ನಲ್ಲಿ ಅದು ಒಂದು ಸಲ ತಾನಾಗಿ ಆಫ್ ಆಗಿತ್ತು.